ಮೂವರು ಸಪ್ಲೈಯರ್‌ಗಳನ್ನು ದರದ ಮಾತುಕತೆಗೆ ಕರೆಯಬೇಕು, ಪತ್ರದಲ್ಲಿ ಏನೇನು ಬರೀಬೇಕು? (ದಾವಣಗೆರೆ, ಹಾಸ್ಟೆಲ್ ಮಂಚ)

ವಿದ್ಯಾನಗರ ಆಫೀಸ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಒಂದು ಖಾಸಗಿ ಟ್ರಸ್ಟಿನ ಹೆಣ್ಣುಮಕ್ಕಳ ಹಾಸ್ಟೆಲ್ ಆಫೀಸಿನಲ್ಲಿದ್ದೇನೆ. ಹೊಸ ಬ್ಲಾಕಿಗೆ 80 ಎರಡಂತಸ್ತಿನ ಕಬ್ಬಿಣದ ಮಂಚ ಬೇಕು. ಮೂರು ಕೊಟೇಶನ್ ಬಂದಿವೆ.

ಊರಿನವರೇ ಒಬ್ಬರು ಮಂಚಕ್ಕೆ 9,200 ಹಾಕಿದ್ದಾರೆ. ಜಿಎಸ್‌ಟಿ ಬೇರೆ. ಸಾಗಣೆ, ಜೋಡಣೆ ಅದರಲ್ಲೇ ಸೇರಿದೆ. ಹುಬ್ಬಳ್ಳಿಯವರದು 8,650, ಜಿಎಸ್‌ಟಿ ಬೇರೆ, ಜೋಡಣೆಗೆ ಮಂಚಕ್ಕೆ 250, ಲಾರಿ ಬಾಡಿಗೆ ಒಟ್ಟು 28,000. ಬೆಂಗಳೂರಿನವರದು 10,400, ಜಿಎಸ್‌ಟಿ, ಜೋಡಣೆ ಸೇರಿ. ಲಾರಿಗೆ 32,000 ಬೇರೆ, ಅರ್ಧ ದುಡ್ಡು ಮುಂಗಡ.

ನಮ್ಮ ಕಾರ್ಯದರ್ಶಿಗಳು "ಮೂವರನ್ನೂ ಶನಿವಾರ ಒಟ್ಟಿಗೆ ಕೂರಿಸಿ, ಎದುರುಬದುರು ಮಾತಾಡಿದರೆ ತಾವೇ ಇಳೀತಾರೆ, ನೀವು ಒಂದು ಪತ್ರ ರೆಡಿ ಮಾಡಿ" ಅಂದಿದ್ದಾರೆ. ಹುಬ್ಬಳ್ಳಿಯವರೇ ಕಡಿಮೆ ಅಂತ ಅವರ ಲೆಕ್ಕ. ಪತ್ರದಲ್ಲಿ ಸಭೆಯ ವಿಷಯ, ತರಬೇಕಾದ ದಾಖಲೆ, ಯಾವಾಗ ತೀರ್ಮಾನ ಹೇಳುತ್ತೇವೆ ಅನ್ನೋದು ಇರಬೇಕಂತೆ. ಯಾರಾದರೂ ಬರೆದ ಅನುಭವ ಇದ್ದರೆ ಹೇಳಿ.

ದುರ್ಗದ ಇಂಜಿನಿಯರ್

ಮೂವರನ್ನೂ ಕರೆಯೋ ಹಾಗೇ ಇಲ್ಲ ಮೇಡಂ. ಎಲ್1, ಅಂದರೆ ಕಡಿಮೆ ದರದವರನ್ನು ಮಾತ್ರ ಕರೆಯಬೇಕು. ಅದೂ ತೀರಾ ಅಗತ್ಯ ಇದ್ದರೆ. ಕೇಂದ್ರ ಜಾಗೃತ ಆಯೋಗ 2007ರಲ್ಲೇ ಈ ಬಗ್ಗೆ ಸುತ್ತೋಲೆ ಹೊರಡಿಸಿದೆ. ನಮ್ಮ ರಾಜ್ಯದಲ್ಲಿ 1999ರ ಕೆಟಿಪಿಪಿ ಕಾಯ್ದೆ, ಅಂದರೆ ಸಾರ್ವಜನಿಕ ಖರೀದಿಯ ಪಾರದರ್ಶಕತೆ ಕಾಯ್ದೆ ಇದೆ. ಎಲ್2, ಎಲ್3 ಜೊತೆ ದರ ಮಾತಾಡಿದರೆ ಆಡಿಟ್‌ನಲ್ಲಿ ಆಕ್ಷೇಪ ಗ್ಯಾರಂಟಿ. ಪತ್ರ ಬರೆಯೋಕೆ ಮುಂಚೆ ಇದನ್ನು ನೋಡಿಕೊಳ್ಳಿ.

ಪಿಬಿ ರೋಡ್

80 ಮಂಚಕ್ಕೆ ಇಷ್ಟೆಲ್ಲಾ ಪತ್ರ ಯಾಕೆ? ಫೋನ್ ಹಾಕಿ "ಕೊನೇ ರೇಟು ಹೇಳಿ ಯಜಮಾನ್ರೇ" ಅಂದರೆ ಮುಗೀತು. ನಮ್ಮ ಅಂಗಡಿ ರ್‍ಯಾಕ್ ಎಲ್ಲಾ ಹಾಗೇ ಮಾಡಿಸಿದ್ದು.

ಹರಿಹರದ ಹಳೇ ಸ್ಟೋರ್ಸ್

ಇಂಜಿನಿಯರ್ ಸಾಹೇಬರು ಹೇಳಿದ್ದು ಸರ್ಕಾರಿ ಖರೀದಿಗೆ ಸರಿ. ಅಲ್ಲಿ ಟೆಂಡರ್ ತೆರೆದ ಮೇಲೆ ಎಲ್ಲರ ದರವೂ ಬಯಲಾಗಿರುತ್ತದೆ. ಆಮೇಲೆ ಎರಡನೆಯವನನ್ನು ಕರೆದು "ನೀನು ಇಳಿಸು" ಅಂದರೆ ಮೊದಲು ಪ್ರಾಮಾಣಿಕವಾಗಿ ಕಡಿಮೆ ಬರೆದವನಿಗೆ ಅನ್ಯಾಯ. ಅದಕ್ಕೇ ಆ ನಿರ್ಬಂಧ. ಖಾಸಗಿ ಟ್ರಸ್ಟು ತನ್ನ ದುಡ್ಡಲ್ಲಿ ಕೊಟೇಶನ್ ಕರೆದರೆ ಮೂವರನ್ನೂ ಮಾತಿಗೆ ಕರೆಯಬಹುದು. ಮಂಚದ ದುಡ್ಡು ಯಾವುದಾದರೂ ಸರ್ಕಾರಿ ಅನುದಾನದಿಂದ ಬಂದಿದ್ದರೆ ಮಾತ್ರ ಆ ಅನುದಾನದ ಷರತ್ತು ಓದಿ ಮುಂದುವರಿಯಿರಿ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಹುಬ್ಬಳ್ಳಿಯವರು ಕಡಿಮೆ ಅಂದಿರಲ್ಲ, ಅದು ಹಾಗಿಲ್ಲ. ಮೂರನ್ನೂ "ಹಾಸ್ಟೆಲ್ ರೂಮಿನಲ್ಲಿ ನಿಲ್ಲಿಸಿದ ಒಂದು ಮಂಚ"ದ ಬೆಲೆಗೆ ತಂದು ನೋಡಿ. ಊರಿನವರದು 9,200ಕ್ಕೆ 18% ಜಿಎಸ್‌ಟಿ ಸೇರಿದರೆ 10,856. ಹುಬ್ಬಳ್ಳಿಯವರದು 8,650, ಜೋಡಣೆ 250, ಲಾರಿ ಮಂಚಕ್ಕೆ 350, ಒಟ್ಟು 9,250. ಅವರೇ ಸಾಗಿಸಿ ಬಿಲ್ ಮಾಡುವುದರಿಂದ ಲಾರಿಗೂ ಅದೇ ತೆರಿಗೆ ಬೀಳುತ್ತದೆ. ಅಲ್ಲಿಗೆ 10,915. ಬೆಂಗಳೂರಿನವರದು 10,400, ಮೇಲೆ ಲಾರಿ ಮಂಚಕ್ಕೆ 400, ತೆರಿಗೆ ಸೇರಿ 472. ಒಟ್ಟು 10,872.

ನೋಡಿದಿರಾ? ಮೂವರ ನಡುವೆ 60 ರೂಪಾಯಿ ವ್ಯತ್ಯಾಸವೂ ಇಲ್ಲ. ಕಾಗದದ ಮೇಲೆ ಅಗ್ಗ ಕಂಡವರೇ ಎಲ್ಲರಿಗಿಂತ ದುಬಾರಿ. ಮಂಚಕ್ಕೆ ತೆರಿಗೆ ಕೊಟ್ಟಿದ್ದನ್ನು ವಾಪಸ್ ಪಡೆಯಲು ನಿಮ್ಮ ಹಾಸ್ಟೆಲ್‌ಗೆ ಆಗಲ್ಲ ಅಂದುಕೊಂಡು ತೆರಿಗೆ ಸೇರಿಸಿಯೇ ಹೋಲಿಸಿದ್ದೇನೆ. ಆಗುವುದಾದರೆ ಲೆಕ್ಕ ಬೇರೆ.

ಇನ್ನೊಂದು ಪ್ರಶ್ನೆ. ಪೈಪು ಎಷ್ಟು ದಪ್ಪ? ಮೂವರೂ ಬರೆದಿದ್ದಾರಾ?

ವಿದ್ಯಾನಗರ ಆಫೀಸ್

ಪೂರ್ತಿ ಫೀಸಿನ ದುಡ್ಡು ಸರ್, ಅನುದಾನ ಏನೂ ಇಲ್ಲ. ಜಿಎಸ್‌ಟಿ ನಮಗೆ ವಾಪಸ್ ಬರಲ್ಲ, ಅದು ಗೊತ್ತು.

ಪೈಪಿನ ವಿಷಯ ನೋಡಿದೆ. ಬೆಂಗಳೂರಿನವರು "16 ಗೇಜ್" ಅಂದಿದ್ದಾರೆ. ಊರಿನವರು "18 ಗೇಜ್". ಹುಬ್ಬಳ್ಳಿಯವರು "ಹೆವಿ ಪೈಪ್" ಅಂತ ಮಾತ್ರ. ಮೂವರದೂ 38 ಮಿ.ಮೀ. ರೌಂಡ್ ಪೈಪು.

ವೆಲ್ಡಿಂಗ್ ಶೆಡ್

"ಹೆವಿ ಪೈಪ್" ಅಂದರೆ ಏನೂ ಅಲ್ಲ ಅಕ್ಕ 😄 ನಾವೂ ಮಂಚ, ಡೆಸ್ಕು ಮಾಡೋರು. ಈ ತರ ಮೀಟಿಂಗ್‌ಗೆ ಎಷ್ಟೋ ಸಲ ಹೋಗಿದ್ದೀವಿ. ಎಲ್ಲರನ್ನೂ ಒಂದೇ ರೂಮಲ್ಲಿ ಕೂರಿಸ್ತಾರೆ. "ಅವರು 300 ಇಳಿಸಿದ್ರು, ನೀವೆಷ್ಟು?" ಅಂತಾರೆ. ನಾನು ಅಲ್ಲಿ ಇಳಿಸಿದ 300 ಎಲ್ಲಿಂದ ಬರುತ್ತೆ? ಪೈಪಿಂದಲೇ ಬರಬೇಕು. ಅಥವಾ ಮಲಗುವ ಹಾಸಿನ ಶೀಟಿಂದ. ಇಲ್ಲಾಂದ್ರೆ ಮೇಲಿನ ಮಂಚದ ತಡೆಗಂಬಿ ಒಂದು ಸಾಲು ಕಡಿಮೆ.

ಇನ್ನೊಂದು ವಿಷಯ. ಒಟ್ಟಿಗೆ ಕೂರಿಸಿದರೆ ಇಳೀತಾರೆ ಅನ್ನೋದು ಯಾವಾಗಲೂ ನಿಜ ಅಲ್ಲ. ನಮ್ಮ ಲೈನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಹೊರಗೆ ಟೀ ಕುಡಿಯುವಾಗಲೇ "ಇದು ನಿಂಗೆ, ಮುಂದಿಂದು ನಂಗೆ" ಅಂತ ಮಾತಾಗಿರುತ್ತೆ. ಮೀಟಿಂಗಲ್ಲಿ ಸುಮ್ನೆ ನಾಟಕ.

ಹರಿಹರದ ಹಳೇ ಸ್ಟೋರ್ಸ್

ಶೆಡ್‌ನವರು ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ಅವರ ಮಾತಿಗೆ ಲೆಕ್ಕ ಕೊಡ್ತೀನಿ.

18 ಗೇಜ್ ಅಂದರೆ 1.2 ಮಿ.ಮೀ. ದಪ್ಪ. 16 ಗೇಜ್ ಅಂದರೆ 1.6. 38 ಮಿ.ಮೀ. ಪೈಪು ಮೊದಲನೆಯದಾದರೆ ಮೀಟರಿಗೆ ಸುಮಾರು 1.09 ಕೆಜಿ ತೂಗುತ್ತದೆ. ಎರಡನೆಯದು 1.44. ಒಂದು ಮಂಚಕ್ಕೆ 20 ಮೀಟರ್ ಪೈಪು ಹಿಡಿದರೂ 7 ಕೆಜಿ ವ್ಯತ್ಯಾಸ. 80 ಮಂಚಕ್ಕೆ ಅರ್ಧ ಟನ್ನಿಗಿಂತ ಜಾಸ್ತಿ ಕಬ್ಬಿಣ. ಇಷ್ಟು ಕಬ್ಬಿಣ ಜಾಸ್ತಿ ಹಾಕಿಯೂ ಬೆಂಗಳೂರಿನವರು ಬೇರೆಯವರ ಸಮಕ್ಕೇ ಇದ್ದಾರೆ ಅಂದರೆ ಸದ್ಯಕ್ಕೆ ಅವರದೇ ಒಳ್ಳೆಯ ದರ ಅನ್ನಿಸುತ್ತದೆ, ಮುಂಗಡದ ತಕರಾರು ಬಿಟ್ಟರೆ. ಆದರೆ ಅವರು 16 ಗೇಜ್ ಅಂದಿದ್ದು ನಿಜವಾಗಿ 1.6 ಇದೆಯಾ, 1.4 ಇದೆಯಾ ಅಂತ ಅಳೆದು ನೋಡಬೇಕು. ಅದಕ್ಕೇ ಪತ್ರದಲ್ಲಿ ಗೇಜ್ ಬರೆಯಬೇಡಿ, ಮಿ.ಮೀ. ಬರೆಯಿರಿ. ಗೇಜ್ ಅಂದರೆ ಬಾಯಿಮಾತು, ಮಿ.ಮೀ. ಅಂದರೆ ವರ್ನಿಯರ್ ಹಿಡಿದು ನೋಡಬಹುದು.

ಹಾಗಾಗಿ ನಿಮ್ಮ ಪತ್ರದ ಮೊದಲ ಕೆಲಸ ದರ ಇಳಿಸುವುದಲ್ಲ. ಮೂವರೂ ಒಂದೇ ಮಂಚಕ್ಕೆ ದರ ಹೇಳುವಂತೆ ಮಾಡುವುದು. ಪತ್ರದ ಜೊತೆ ಒಂದು ಪುಟದ ನಮೂನೆ ಕಳಿಸಿ. ಅದರಲ್ಲಿ ನೀವು ಬಯಸುವ ಮಂಚದ ವಿವರ ನೀವೇ ಬರೆದಿರಿ. ಪೈಪು ಇಷ್ಟು ಮಿ.ಮೀ., ಹಾಸಿನ ಶೀಟು ಇಷ್ಟು, ತಡೆಗಂಬಿ, ಏಣಿ, ಪೌಡರ್ ಕೋಟಿಂಗ್, ಎರಡನೇ ಮಹಡಿಗೆ ಹತ್ತಿಸಿ ಜೋಡಿಸುವುದು, ಹಮಾಲಿ ಯಾರದು ಅನ್ನೋದೆಲ್ಲ ಇರಲಿ. ಎದುರಿಗೆ ದರದ ಜಾಗ ಮಾತ್ರ ಖಾಲಿ. ಮಾತುಕತೆ ಆ ನಮೂನೆ ತುಂಬಿದ ಮೇಲೆ.

ಸಭೆಯ ಕ್ರಮವೂ ಹಾಗೇ ಇರಲಿ. ಮೊದಲು ವಸ್ತುವಿನ ವಿವರ, ಆಮೇಲೆ ಸರಬರಾಜಿನ ದಿನ, ವಾರಂಟಿ, ಪಾವತಿ. ದರ ಕೊನೆಗೆ. ದರದಿಂದ ಶುರು ಮಾಡಿದರೆ ಉಳಿದದ್ದರಲ್ಲಿ ಕತ್ತರಿ ಬೀಳುತ್ತದೆ, ನಿಮಗೆ ಗೊತ್ತೂ ಆಗಲ್ಲ.

ಪಿಬಿ ರೋಡ್ ಅಣ್ಣ ಹೇಳಿದ ಫೋನ್ ಅವರ ಅಂಗಡಿಗೆ ಸರಿ. ಅಲ್ಲಿ ದುಡ್ಡೂ ಅವರದೇ, ತೀರ್ಮಾನವೂ ಅವರದೇ. ಟ್ರಸ್ಟಿನಲ್ಲಿ ಮುಂದಿನ ವರ್ಷ ಯಾರಾದರೂ ಸದಸ್ಯರು "ಇವರಿಗೇ ಯಾಕೆ ಕೊಟ್ರಿ?" ಅಂದರೆ ಫೈಲಿನಲ್ಲಿ ಕಾಗದ ಬೇಕಲ್ವಾ?

ಮಂಡಕ್ಕಿ ಮಿರ್ಚಿ

ನನಗೂ ಇಂಥದ್ದೇ ಒಂದು ಪತ್ರ ಬಂದಿದೆ. ಕ್ಯಾಟರಿಂಗ್ ಮಾಡ್ತೀನಿ. ಕಂಪನಿ ಕ್ಯಾಂಟೀನಿಗೆ ಊಟಕ್ಕೆ ರೇಟು ಕೊಟ್ಟಿದ್ದೆ. ಈಗ "ದರ ಮಾತುಕತೆಗೆ ಬನ್ನಿ" ಅಂತ ಕರೆದಿದ್ದಾರೆ. ಅಂದ್ರೆ ಆರ್ಡರ್ ನನಗೇ ಆಯ್ತು ಅಂತ ಅಲ್ವಾ? ಪಾತ್ರೆ ತಗೊಳ್ಳೋಣ ಅಂತಿದ್ದೆ.

ಟ್ಯಾಲಿ ಅಕ್ಕ

ಅಯ್ಯೋ, ಸ್ವಲ್ಪ ತಡೀರಿ. ಕರೆದರು ಅಂದರೆ ಆರ್ಡರ್ ಅಲ್ಲ. ನಿಮ್ಮ ಹಾಗೆ ಇನ್ನೂ ನಾಲ್ಕು ಜನರಿಗೆ ಅದೇ ಪತ್ರ ಹೋಗಿರಬಹುದು. ಪತ್ರದಲ್ಲಿ ತೀರ್ಮಾನದ ದಿನ ಬರೆದಿದ್ದಾರಾ ನೋಡಿ. ಇಲ್ಲದಿದ್ದರೆ ಫೋನ್ ಮಾಡಿ ಕೇಳಿ. ಆರ್ಡರ್ ಕೈಗೆ ಬರೋವರೆಗೂ ಪಾತ್ರೆ ಬೇಡ.

ವಿದ್ಯಾನಗರದ ಮೇಡಂ, ನಿಮ್ಮ ಪತ್ರದಲ್ಲಿ "ಇದು ಖರೀದಿ ಆದೇಶ ಅಲ್ಲ" ಅನ್ನೋ ಸಾಲು ಯಾಕೆ ಬೇಕು ಅಂತ ಈಗ ಗೊತ್ತಾಯ್ತಲ್ಲ.

ದಾಖಲೆಯಲ್ಲಿ ಉದ್ಯಮ್ ನೋಂದಣಿ ಪತ್ರವನ್ನೂ ಕೇಳಿ. ಮಂಚ ಮಾಡುವವರು ಸೂಕ್ಷ್ಮ ಅಥವಾ ಸಣ್ಣ ಉದ್ಯಮ ಅಂತ ನೋಂದಾಯಿಸಿದ್ದರೆ ಅವರಿಗೆ 45 ದಿನದೊಳಗೆ ದುಡ್ಡು ಕೊಡಲೇಬೇಕು. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ ಅಷ್ಟೇ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ನಿಮ್ಮ ಕಾರ್ಯದರ್ಶಿಗಳು ಸಭೆಯಲ್ಲಿ "90 ದಿನ ಟೈಮ್ ಕೊಡಿ" ಅಂತ ಜಗ್ಗಿ ಗೆದ್ದರೂ ಆ ಗೆಲುವು ಕಾನೂನಿನ ಮುಂದೆ ನಿಲ್ಲಲ್ಲ. ಬರೀ ಮಾರಾಟ ಮಾಡುವ ವ್ಯಾಪಾರಿಗಳಿಗೆ ಇದು ಅನ್ವಯಿಸಲ್ಲ. ಹಾಗಾಗಿ ಮೂವರಲ್ಲಿ ಯಾರು ತಯಾರಕರು, ಯಾರು ಬೇರೆಯವರಿಂದ ತಂದು ಕೊಡುವವರು ಅಂತ ಮೊದಲೇ ತಿಳಿಯೋದು ಒಳ್ಳೇದು.

ವಿದ್ಯಾನಗರ ಆಫೀಸ್

ಇದು ನಮಗೆ ಯಾರೂ ಹೇಳಿರಲಿಲ್ಲ ಅಕ್ಕ. ನಾವು ಸಾಮಾನ್ಯವಾಗಿ ಫೀಸ್ ಬಂದ ಮೇಲೆ ಕೊಡೋದು.

ಎಲ್ಲರ ಮಾತು ಸೇರಿಸಿ ಒಂದು ಕರಡು ಮಾಡಿದ್ದೇನೆ. ತಪ್ಪಿದ್ದರೆ ತಿದ್ದಿ.

> ವಿಷಯ: 80 ಎರಡಂತಸ್ತಿನ ಮಂಚಗಳ ಪೂರೈಕೆ – ದರ ಮಾತುಕತೆ ಸಭೆಗೆ ಆಹ್ವಾನ
>
> ಉಲ್ಲೇಖ: ತಮ್ಮ ದರಪಟ್ಟಿ, ದಿನಾಂಕ ……
>
> ಮಾನ್ಯರೇ,
>
> ತಾವು ಕಳುಹಿಸಿದ ದರಪಟ್ಟಿ ನಮಗೆ ತಲುಪಿದೆ, ಧನ್ಯವಾದಗಳು. ಈ ಬಗ್ಗೆ ಮಾತನಾಡಲು ತಾವು ಜೂನ್ 14ರ ಶನಿವಾರ ಬೆಳಿಗ್ಗೆ …… ಗಂಟೆಗೆ ನಮ್ಮ ಹಾಸ್ಟೆಲ್ ಕಚೇರಿಗೆ ಬರಬೇಕಾಗಿ ಕೋರುತ್ತೇವೆ. ತಮಗಾಗಿ 45 ನಿಮಿಷ ಮೀಸಲಿಟ್ಟಿದ್ದೇವೆ.
>
> ಸಭೆಯಲ್ಲಿ ಈ ಕ್ರಮದಲ್ಲಿ ಮಾತನಾಡೋಣ: ಲಗತ್ತಿಸಿದ ನಮೂನೆಯಲ್ಲಿರುವ ಮಂಚದ ವಿವರ, ಪೂರೈಕೆ ಮತ್ತು ಜೋಡಣೆಯ ದಿನಾಂಕ (ಜುಲೈ 10ರೊಳಗೆ ಮುಗಿಯಬೇಕು), ವಾರಂಟಿ, ಪಾವತಿ, ಕೊನೆಯಲ್ಲಿ ದರ.
>
> ಬರುವಾಗ ದಯವಿಟ್ಟು ಇವನ್ನು ತನ್ನಿ: ನಮೂನೆಯನ್ನು ತುಂಬಿ ಸಹಿ, ಮೊಹರು ಹಾಕಿದ ಪ್ರತಿ, ಸಾಮಾನು, ಜೋಡಣೆ, ಸಾಗಣೆ ಮತ್ತು ಜಿಎಸ್‌ಟಿ ಬೇರೆ ಬೇರೆಯಾಗಿ ತೋರಿಸುವ ದರದ ವಿವರ, ಜಿಎಸ್‌ಟಿ ನೋಂದಣಿ ಮತ್ತು ಉದ್ಯಮ್ ನೋಂದಣಿ (ಇದ್ದಲ್ಲಿ) ಪ್ರತಿ, ಹಿಂದೆ ಇಂಥದ್ದೇ ಮಂಚ ಕೊಟ್ಟ ಎರಡು ಆರ್ಡರ್‌ಗಳ ಪ್ರತಿ, ಒಂದು ಅಡಿ ಉದ್ದದ ಪೈಪಿನ ತುಂಡು, ಬಣ್ಣ ಹಾಕಿದ್ದು ಒಂದು, ಹಾಕದ್ದು ಒಂದು.
>
> ದರದ ಬಗ್ಗೆ ತೀರ್ಮಾನ ಹೇಳುವ ಅಧಿಕಾರ ಇರುವವರೇ ಬರಬೇಕು. ಮಾಲೀಕರಲ್ಲದಿದ್ದರೆ ಅವರ ಅಧಿಕಾರ ಪತ್ರ ತರಬೇಕು.
>
> ಅಂತಿಮ ದರವನ್ನು ಜೂನ್ 17ರ ಮಂಗಳವಾರ ಸಂಜೆ 5ರೊಳಗೆ ಮುಚ್ಚಿದ ಲಕೋಟೆಯಲ್ಲಿ ಕೊಡಬೇಕು. ಜೂನ್ 20ರಂದು ಖರೀದಿ ಸಮಿತಿ ತೀರ್ಮಾನಿಸಲಿದೆ. ಜೂನ್ 23ರಂದು ಆಯ್ಕೆಯಾದವರಿಗೂ ಆಗದವರಿಗೂ ಬರಹದಲ್ಲಿ ತಿಳಿಸುತ್ತೇವೆ. ತಮ್ಮ ದರ ಜೂನ್ 30ರವರೆಗೆ ಊರ್ಜಿತದಲ್ಲಿರಬೇಕು.
>
> ಈ ಪತ್ರ ಖರೀದಿ ಆದೇಶವಲ್ಲ. ಯಾವುದೇ ದರ ಒಪ್ಪುವ ಅಥವಾ ಎಲ್ಲವನ್ನೂ ಕೈಬಿಡುವ ಹಕ್ಕು ಟ್ರಸ್ಟಿಗೆ ಇದೆ.

ಹರಿಹರದ ಹಳೇ ಸ್ಟೋರ್ಸ್

ಚೆನ್ನಾಗಿದೆ ಮೇಡಂ. ಪೈಪಿನ ತುಂಡು ಕೇಳಿದ್ದು ಬಹಳ ಸರಿ. ಬಣ್ಣ ಹಾಕದ ತುಂಡಿನಲ್ಲಿ ದಪ್ಪ ಅಳೆಯಿರಿ. ಬಣ್ಣ ಹಾಕಿದ್ದರ ತುದಿಯಲ್ಲಿ ಅಳೆದರೆ ಪೌಡರ್ ಕೂಡ ಸೇರಿ ಜಾಸ್ತಿ ತೋರಿಸುತ್ತದೆ. ಆ ತುಂಡಿಗೆ ಸಹಿ ಹಾಕಿಸಿ ಬೀರುವಿನಲ್ಲಿಡಿ. ಲಾರಿ ಬಂದ ದಿನ ಅದನ್ನೇ ಪಕ್ಕದಲ್ಲಿಟ್ಟು ಒಂದೆರಡು ಮಂಚ ಕಾಟಾ ಮೇಲೆ ತೂಗಿ ನೋಡಿ.

ಒಂದು ಕಡೆ ಮಾತ್ರ ನನ್ನ ತಕರಾರು. ಶನಿವಾರ ಸಭೆ, ಮಂಗಳವಾರ ಸಂಜೆ ಲಕೋಟೆ. ನಡುವೆ ಮೂರು ದಿನ ಯಾಕೆ? ಆ ಮೂರು ದಿನದಲ್ಲಿ ಒಬ್ಬರ ದರ ಇನ್ನೊಬ್ಬರ ಕಿವಿಗೆ ಬೀಳುತ್ತದೆ. ಯಾರೋ ಸಮಿತಿ ಸದಸ್ಯರಿಗೆ ಯಾರೋ ಫೋನ್ ಮಾಡುತ್ತಾರೆ. ಸಭೆ ಮುಗಿದ ಕೂಡಲೇ, ಅದೇ ಕುರ್ಚಿಯಲ್ಲಿ ಕೂತು ಬರೆದುಕೊಟ್ಟು ಹೋಗಲಿ. ಅಧಿಕಾರ ಇರುವವರೇ ಬನ್ನಿ ಅಂತ ಬರೆದ ಮೇಲೆ ಮತ್ತೆ ಟೈಮ್ ಯಾಕೆ?

ಹಾಗೆಯೇ ಮೂವರಿಗೂ ಒಂದೇ ಮೇಲ್ ಹಾಕಬೇಡಿ. ಬೇರೆ ಬೇರೆ ಕಳಿಸಿ. ಯಾರ ಜೊತೆ ಪೈಪೋಟಿ ಅನ್ನೋದು ಮೇಲ್ ವಿಳಾಸ ನೋಡಿ ಗೊತ್ತಾಗಬಾರದು.

ವೆಲ್ಡಿಂಗ್ ಶೆಡ್

ಅದೇ ದಿನ ಬರೆದುಕೊಡು ಅಂದ್ರೆ ಕಷ್ಟ ಸರ್. ನಮೂನೆಯಲ್ಲಿ ಪೈಪು 1.2ರಿಂದ 1.6 ಆದರೆ ನಾನು ಪೈಪಿನವರಿಗೆ ಫೋನ್ ಮಾಡಿ ಆ ದಿನದ ರೇಟು ಕೇಳಬೇಕು. ಶನಿವಾರ ಮಧ್ಯಾಹ್ನ ಅವರು ಸಿಗಲ್ಲ. ಅಂದಾಜಲ್ಲಿ ಬರೆದರೆ ಭಯಕ್ಕೆ 400 ಜಾಸ್ತಿನೇ ಹಾಕ್ತೀನಿ. ನಷ್ಟ ನಿಮಗೇ.

ಹರಿಹರದ ಹಳೇ ಸ್ಟೋರ್ಸ್

ಹಾಗಾದರೆ ನಮೂನೆ ಒಂದು ವಾರ ಮೊದಲೇ ಕೈ ಸೇರಲಿ. ರೇಟು ಕೇಳೋಕೆ ಆ ವಾರ ಇದೆ.

ವೆಲ್ಡಿಂಗ್ ಶೆಡ್

ಮೊದಲೇ ಸಿಕ್ಕರೆ ಸರಿ. ಆದರೆ ಮೀಟಿಂಗಲ್ಲಿ ಯಾರಾದರೂ ಸದಸ್ಯರು "ಏಣಿ ಆ ಕಡೆ ಇರಲಿ, ಕೆಳಗೆ ಒಂದು ಟ್ರಂಕ್ ಇಡೋ ಜಾಗ ಮಾಡಿ" ಅಂತ ಹೊಸದು ಸೇರಿಸೇ ಸೇರಿಸ್ತಾರೆ. ಅದಕ್ಕೆ ಒಂದು ದಿನನಾದ್ರೂ ಬೇಕು.

ದುರ್ಗದ ಇಂಜಿನಿಯರ್

ಸೋಮವಾರ ಬೆಳಿಗ್ಗೆ 11ಕ್ಕೆ ಇಡಿ. ಲಕೋಟೆ ಮೂರನ್ನೂ 11.15ಕ್ಕೆ ಒಟ್ಟಿಗೆ ತೆರೆಯಿರಿ, ಇಬ್ಬರು ಸದಸ್ಯರು ಪ್ರತಿ ಪುಟಕ್ಕೂ ಸಹಿ ಹಾಕಲಿ. ಖಾಸಗಿಗೆ ಕೆಟಿಪಿಪಿ ಇಲ್ಲ ಅನ್ನೋದು ಒಪ್ಪಿದೆ. ಆದರೂ ಈ ಕ್ರಮ ಎಲ್ಲಿಗಾದರೂ ಒಳ್ಳೇದು. ಮತ್ತೆ "ಅಂತಿಮ ದರಕ್ಕೆ ಒಂದೇ ಅವಕಾಶ" ಅಂತ ಪತ್ರದಲ್ಲಿ ಬರೆಯಿರಿ. ಇಲ್ಲದಿದ್ದರೆ ಯಾರೂ ಮೊದಲ ಸಲಕ್ಕೆ ನಿಜವಾದ ದರ ಬರೆಯಲ್ಲ, ಇನ್ನೊಂದು ಸುತ್ತು ಇದೆ ಅಂತ ಉಳಿಸಿಕೊಳ್ಳುತ್ತಾರೆ.

ಟ್ಯಾಲಿ ಅಕ್ಕ

ಒಂದೇ ಅವಕಾಶ ಅಂತ ಬರೆದರೆ ನೀವೂ ಅದಕ್ಕೆ ಕಟ್ಟುಬೀಳಬೇಕು. ಲಕೋಟೆ ತೆರೆದ ರಾತ್ರಿ ಕಾರ್ಯದರ್ಶಿಗಳು ಒಬ್ಬರಿಗೆ ಫೋನ್ ಮಾಡಿ "ಇನ್ನೊಂದು ನೂರು ಬಿಡಿ" ಅಂದರೆ ಮುಂದಿನ ವರ್ಷ ಡೆಸ್ಕಿಗೆ ಕೊಟೇಶನ್ ಕೇಳಿದಾಗ ಎಲ್ಲರೂ ಮೊದಲೇ ನೂರು ಸೇರಿಸಿ ಕಳಿಸ್ತಾರೆ.

ವಿದ್ಯಾನಗರ ಆಫೀಸ್

ಲಕೋಟೆಗೆ ಸೋಮವಾರ 11 ಗಂಟೆ ಅಂತ ತಿದ್ದಿದೆ. ಶನಿವಾರದ ಸಭೆಗೆ ಒಬ್ಬೊಬ್ಬರಿಗೆ 10.30, 11.30, 12.30 ಅಂತ ಸಮಯ ಹಾಕಿದ್ದೇನೆ. ನಮೂನೆ 7ನೇ ತಾರೀಕಿಗೇ ಹೋಗುತ್ತೆ. ಬೇರೆ ಬೇರೆ ಕೂರಿಸುವುದಕ್ಕೆ ಕಾರ್ಯದರ್ಶಿಗಳು ಮೊದಲು ಒಪ್ಪಲಿಲ್ಲ. ಸ್ಟೋರ್ಸ್ ಸರ್ ಮಾಡಿದ ಲೆಕ್ಕ, ಹುಬ್ಬಳ್ಳಿ 10,915, ಊರಿನವರು 10,856 ಅನ್ನೋದು ತೋರಿಸಿದ ಮೇಲೆ ಸುಮ್ಮನಾದರು. "ಒಂದೇ ಅವಕಾಶ" ಅನ್ನೋ ಸಾಲಿಗೆ ಮಾತ್ರ ಇನ್ನೂ ಹೂಂ ಅಂದಿಲ್ಲ.

ಬೆಂಗಳೂರಿನವರ ಅರ್ಧ ಮುಂಗಡಕ್ಕೆ ಏನು ಮಾಡೋದು? 4,16,000 ಮೊದಲೇ ಕೊಡೋಕೆ ನಮ್ಮ ಖಜಾಂಚಿ ಒಪ್ಪುತ್ತಿಲ್ಲ.

ಹರಿಹರದ ಹಳೇ ಸ್ಟೋರ್ಸ್

ಮುಂಗಡ ಕೊಟ್ಟರೆ ಅಷ್ಟೇ ಮೊತ್ತಕ್ಕೆ ಬ್ಯಾಂಕ್ ಗ್ಯಾರಂಟಿ ಕೇಳಬಹುದು. ಸಣ್ಣವರಿಗೆ ಅದು ಹೊರೆ, ಅದರ ಖರ್ಚು ದರದೊಳಗೇ ಬರುತ್ತದೆ. ನನ್ನ ಪ್ರಕಾರ ನಮೂನೆಯಲ್ಲೇ ಪಾವತಿ ನೀವೇ ಬರೆದುಬಿಡಿ. ಮಂಚ ಇಳಿದು ತೂಕ ನೋಡಿದ ಮೇಲೆ ಇಷ್ಟು, ಜೋಡಿಸಿದ ಮೇಲೆ ಇಷ್ಟು, ಎಲ್ಲಾ 45 ದಿನದೊಳಗೆ ಅಂತ. ಮೂವರಿಗೂ ಅದೇ. ಯಾರಿಗೆ ಮುಂಗಡ ಬೇಕೇ ಬೇಕೋ ಅವರು ಮುಂಗಡ ಇದ್ದರೆ ಎಷ್ಟು, ಇಲ್ಲದಿದ್ದರೆ ಎಷ್ಟು ಅಂತ ಎರಡು ದರ ಬರೆಯಲಿ. ಆಗ ಅವರ ಮುಂಗಡದ ಬೆಲೆ ಎಷ್ಟು ಅಂತ ನಿಮಗೇ ಕಾಣುತ್ತದೆ.

ವೆಲ್ಡಿಂಗ್ ಶೆಡ್

ಎರಡು ದರ ಕೇಳಿದರೆ ಮುಂಗಡ ಇಲ್ಲದ್ದಕ್ಕೆ ಬೇಕಂತಲೇ ಜಾಸ್ತಿ ಬರೀತಾರೆ ಸರ್.

ಹರಿಹರದ ಹಳೇ ಸ್ಟೋರ್ಸ್

ಬರೆಯಲಿ. ಊರಿನವರು ಮುಂಗಡ ಕೇಳಿಲ್ಲ. ಬೆಂಗಳೂರಿನವರು ಅತಿಯಾಗಿ ಬರೆದರೆ ಆರ್ಡರ್ ಊರಲ್ಲೇ ಉಳಿಯುತ್ತೆ, ಆದರೆ 1.6 ಪೈಪಿಗೆ ಊರಿನವರ ದರ ಎಷ್ಟು ಬರುತ್ತೆ ನೋಡಬೇಕು.

ಮಂಡಕ್ಕಿ ಮಿರ್ಚಿ

ಫೋನ್ ಮಾಡಿ ಕೇಳಿದೆ. ನನ್ನ ಜೊತೆ ಇನ್ನೂ ಆರು ಜನರನ್ನು ಕರೆದಿದ್ದಾರಂತೆ. ತೀರ್ಮಾನದ ದಿನ ಕೇಳಿದರೆ "ಹೇಳ್ತೀವಿ ಬನ್ನಿ" ಅಂತಾರೆ. ಹೋಗಲಾ ಬೇಡವಾ?